ಅಜ್ಜಿಯ ಎಂಟು ಗಂಟೆ

ನಮ್ಮ ಮನೆಯವರ ವಿಡಿಯೊ ಕಾಲ್ ಪ್ರತಿ ಭಾನುವಾರ ರಾತ್ರಿ 8ಕ್ಕೆ. ಶಿವಮೊಗ್ಗದಲ್ಲಿ ಅಜ್ಜಿ ಮತ್ತು ನಾವು, ಲಂಡನ್‌ನಲ್ಲಿ ಚಿಕ್ಕಮ್ಮ, ನ್ಯೂಜೆರ್ಸಿಯಲ್ಲಿ ಅಣ್ಣ-ಅತ್ತಿಗೆ. ಗ್ರೂಪಿಗೆ ಸಮಯ ತಿಳಿಸೋ ಕೆಲಸ ನನ್ನದು.

ಚಳಿಗಾಲ ಹತ್ತಿರ ಬಂದ್ರೆ ಅವರ ಗಡಿಯಾರಗಳು ಒಂದು ಗಂಟೆ ಹಿಂದೆ ಹೋಗುತ್ತವೆ, ನಮ್ಮದು ಅಲ್ಲಾಡಲ್ಲ. ಅದೂ ಇಬ್ಬರದೂ ಒಂದೇ ದಿನ ಅಲ್ಲ. 2025ರಲ್ಲಿ ಲಂಡನ್‌ನಲ್ಲಿ ಅಕ್ಟೋಬರ್ 26ಕ್ಕೆ, ಅಮೆರಿಕದಲ್ಲಿ ನವೆಂಬರ್ 2ಕ್ಕೆ. ಎರಡೂ ಭಾನುವಾರಗಳೇ!

ಅಣ್ಣನಿಗೆ ಅಲ್ಲಿಯ ಬೆಳಿಗ್ಗೆ 10.30 ಹಾಗೇ ಉಳಿಯಬೇಕಿತ್ತು. ಮಗಳ ಈಜು ಕ್ಲಾಸ್ ಮುಗಿಯೋದೇ 10ಕ್ಕೆ. ಹಾಗೆ ಮಾಡಿದ್ರೆ ನಮಗೆ ರಾತ್ರಿ 9 ಆಗುತ್ತೆ. ಅಷ್ಟೊತ್ತಿಗೆ ಅಜ್ಜಿ ಮಾತ್ರೆ ನುಂಗಿ ಮಲಗಿರ್ತಾರೆ. ಮರಿಮಗಳ ಮುಖ ನೋಡೋಕೆ ಅವರಿಗಿರೋದು ವಾರದಲ್ಲಿ ಇದೊಂದೇ ದಿನ. ಕೊನೆಗೆ ಅಣ್ಣನೇ, "ಅಜ್ಜಿ ಟೈಮ್ ಮುಟ್ಟಬೇಡ, ಕ್ಲಾಸನ್ನ ಶನಿವಾರಕ್ಕೆ ಹಾಕಿಸ್ತೀನಿ" ಅಂದ.

"ಒಂದು ಗಂಟೆ ಮುಂಚೆ" ಅಂತ ಬರೆದ್ರೆ ಯಾರ ಗಂಟೆ ಅನ್ನೋದೇ ಗೊಂದಲ. ಅದಕ್ಕೆ ಹೀಗೆ ಕಳಿಸಿದೆ:

"ಅಕ್ಟೋಬರ್ 26: ಶಿವಮೊಗ್ಗ ರಾತ್ರಿ 8, ಲಂಡನ್ ಮಧ್ಯಾಹ್ನ 2.30, ನ್ಯೂಜೆರ್ಸಿ ಬೆಳಿಗ್ಗೆ 10.30. ನವೆಂಬರ್ 2ರಿಂದ ನ್ಯೂಜೆರ್ಸಿ ಮಾತ್ರ 9.30. ಉಳಿದವರಿಗೆ ಬದಲಾವಣೆ ಇಲ್ಲ."

ಇನ್ನೊಂದು ಬಾಕಿ ಇತ್ತು. ಕ್ಯಾಲೆಂಡರ್ ಇನ್ವೈಟ್ ಅಣ್ಣ ಮಾಡಿದ್ದು, ನ್ಯೂಜೆರ್ಸಿ ಸಮಯಕ್ಕೆ. ಹಾಗೇ ಬಿಟ್ಟಿದ್ರೆ ನವೆಂಬರ್ 2ಕ್ಕೆ ನಮ್ಮ ಫೋನಿನಲ್ಲಿ ತಾನಾಗೇ 9 ಅಂತ ತೋರಿಸ್ತಿತ್ತು. ಅದನ್ನ ತೆಗೆಸಿ, ಭಾರತದ ಸಮಯ ಆರಿಸಿ ಹೊಸದು ಮಾಡಿದೆ.

ಮಾರ್ಚ್‌ನಲ್ಲಿ ಅಮೆರಿಕದ ಸರದಿ ಮೊದಲು, ಲಂಡನ್ನಿನದು ಎರಡು-ಮೂರು ವಾರ ಬಿಟ್ಟು. ಆಗ ಮತ್ತೆ ಎರಡು ಮೆಸೇಜ್.