ಮೊದಲ ಬಿಲ್ಲಿನ ಕೊನೆಯ ಸಾಲು

ಪುಣೆಯಲ್ಲಿ ನೌಕರಿ ಬಿಟ್ಟು ಸ್ವಂತವಾಗಿ ಅನುವಾದಕ್ಕಿಳಿದ ತರುಣಿಯೊಬ್ಬಳು ಮೊದಲ ಇನ್‌ವಾಯ್ಸ್ ಬರೆದಳು: ಸಂಖ್ಯೆ 001, 12,000 ಪದ, ಪದಕ್ಕೆ 2 ರೂಪಾಯಿಯಂತೆ 24,000. ಕೆಳಗೆ ಪ್ಯಾನ್, ಖಾತೆಯ ಹೆಸರು, ಸಂಖ್ಯೆ, ಐಎಫ್‌ಎಸ್‌ಸಿ ಕೋಡ್.

‘ಆದಷ್ಟು ಬೇಗ ಪಾವತಿಸಿ’ ಎಂಬುದನ್ನು ಅಳಿಸಿ ‘ಜೂನ್ 30ರೊಳಗೆ’ ಎಂದಳು. ತಾರೀಖಿಲ್ಲದಿದ್ದರೆ ಹಣ ಯಾವಾಗಿನಿಂದ ತಡವಾಯಿತೆಂದು ಹೇಳುವುದು ಕಷ್ಟ.

ಕೊನೆಯ ಸಾಲು: ‘ತಡವಾದರೆ ತಿಂಗಳಿಗೆ ಶೇ. 1.5 ಬಡ್ಡಿ.’ ಅಂದರೆ ತಿಂಗಳಿಗೆ 360 ರೂಪಾಯಿ. ಈ ಷರತ್ತು ಬಿಲ್ಲಿನಲ್ಲೇ ಮೊದಲು ಕಂಡರೆ ‘ನಾವು ಒಪ್ಪಿರಲಿಲ್ಲ’ ಎಂದು ಗಿರಾಕಿ ಜಾರಿಕೊಳ್ಳಬಹುದು. ಅವಳು ಕೆಲಸ ಶುರುಮಾಡುವ ಮುನ್ನವೇ ಅದನ್ನು ಈಮೇಲ್‌ನಲ್ಲಿ ತಿಳಿಸಿ, ಒಪ್ಪಿಗೆಯ ಉತ್ತರ ತರಿಸಿಕೊಂಡಿದ್ದಳು. ಆ ಉತ್ತರದ ತಾರೀಖನ್ನೂ ಬಡ್ಡಿಯ ಸಾಲಿನ ಪಕ್ಕದಲ್ಲೇ ನಮೂದಿಸಿ ಬಿಲ್ ಕಳಿಸಿದಳು.