ಒಂದು ಲೋಟ ನೀರು

ಸಂಘದವರು ಮಂಗಳವಾರ ಸಂಜೆ ಅಂಗನವಾಡಿಯಲ್ಲಿ ಸೇರುತ್ತಾರೆ. ನನ್ನ ಪಿಎಚ್‌ಡಿ ಸ್ವಸಹಾಯ ಸಂಘಗಳ ಸಾಲದ ಕುರಿತು. ಅವರ ಲೆಕ್ಕದ ಪುಸ್ತಕಗಳಿಗಾಗಿ ಶಿರಾ ಕಡೆಯ ಈ ಊರಿಗೆ ಹೋಗಿಬರುತ್ತಿದ್ದೆ. ಅವತ್ತು ಕಂತು ಬರೆಸಿದ ಮೇಲೆ ಆಶಾ ಕಾರ್ಯಕರ್ತೆ ಮಾತಾಡುವುದಿತ್ತು. ವಿಷಯ ಮುಟ್ಟು ಎಂದು ಗೊತ್ತಾದದ್ದೇ ಹಿರಿಯಾಕೆಯೊಬ್ಬರು ಎದ್ದುಹೋಗಿ ಬಾಗಿಲು ಮುಂದೆ ಮಾಡಿ ಬಂದರು.

ಆಶಾ ಅಕ್ಕ ತಂದಿದ್ದ ಚಿತ್ರಪಟವನ್ನು ಬಿಚ್ಚಲೇ ಇಲ್ಲ. ಹೊಸ ಪ್ಯಾಡೊಂದನ್ನು ಎಲ್ಲರೆದುರು ಹರಿದು ತಟ್ಟೆಗೆ ಹಾಕಿ, ಮೇಲೆ ಒಂದು ಲೋಟ ನೀರು ಸುರಿದರು. ಸ್ವಲ್ಪ ಹೊತ್ತಿಗೆ ನೀರು ಮಾಯವಾಗಿ ತಟ್ಟೆಯಲ್ಲಿ ಸಬ್ಬಕ್ಕಿ ಬೆಂದಂಥ ಮುದ್ದೆ ಉಳಿಯಿತು. "ಇದು ಬರೀ ಹತ್ತಿ ಅಂದ್ಕೊಂಡಿದ್ರಿ. ಮೇಲಿಂದು, ತಳದ್ದು ಎರಡೂ ಪ್ಲಾಸ್ಟಿಕ್ಕು. ನಡುವೆ ಮರದ ತಿರುಳು, ಅದರೊಳಗೆ ನೀರು ಕುಡಿದು ಉಬ್ಬೋ ಪುಡಿ. ಈಗ ಹೇಳಿ, ಇದನ್ನ ಕಕ್ಕಸಿಗೆ ಹಾಕಿದ್ರೆ ಏನಾಗುತ್ತೆ?"

ಉತ್ತರ ಗೊತ್ತಿದ್ದವಳು ಒಬ್ಬಳು ಸೊಸೆ. ಅವಳ ಮನೆಯಲ್ಲಿ ಎರಡು ಗುಂಡಿಯ ಶೌಚಾಲಯವಿದೆ. ಬೇಸಿನ್ನಿನಿಂದ ಹೋಗುವ ಪೈಪು ಒಂದು ಸಣ್ಣ ತೊಟ್ಟಿಯಲ್ಲಿ ಕವಲೊಡೆಯುತ್ತದೆ. ಒಂದು ಕವಲನ್ನು ಮುಚ್ಚಿ ಒಂದು ಗುಂಡಿಯನ್ನಷ್ಟೇ ಬಳಸಬೇಕು. ಅದು ತುಂಬಿದರೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ವರ್ಷಕ್ಕೂ ಮೇಲೆ ಹಾಗೇ ಬಿಟ್ಟರೆ ಗೊಬ್ಬರವಾಗುತ್ತದೆ. ಅವಳ ಮನೆಯಲ್ಲಿ ಗುಂಡಿ ತುಂಬುವ ಮೊದಲೇ ನೀರು ಕಟ್ಟಿಕೊಂಡಿತು. ತುಂಬಿದೆಯೆಂದು ತಿಳಿದು ಗಂಡಸರು ಇನ್ನೊಂದು ಗುಂಡಿಗೆ ತಿರುಗಿಸಲು ಹೋದರೆ, ಕವಲಿನ ತೊಟ್ಟಿಯಲ್ಲೇ ಉಬ್ಬಿದ ಪ್ಯಾಡುಗಳು ಸಿಕ್ಕಿಕೊಂಡಿದ್ದವು. ಮಾವನೆದುರು ಅವು ಹೊರಬಂದ ದಿನ ಊಟ ಮಾಡಲಿಲ್ಲವೆಂದು ಹೇಳುವಾಗಲೂ ಅವಳು ತಲೆ ಎತ್ತಿರಲಿಲ್ಲ. ಗುಂಡಿಗೇ ಇಳಿದಿದ್ದರೂ ಪ್ಯಾಡು ಗೊಬ್ಬರವಾಗುತ್ತಿರಲಿಲ್ಲ, ಸಲಿಕೆಗೆ ಇಡಿಯಾಗಿಯೇ ಸಿಗುತ್ತಿತ್ತು ಎಂದರು ಆಶಾ ಅಕ್ಕ. ಬೇಸಿನ್ನಿನಲ್ಲಿ ನೀರು ನಿಧಾನ ಇಳಿದರೆ ಗುಂಡಿ ತೆಗೆಸುವ ಮೊದಲು ಆ ತೊಟ್ಟಿಯ ಮುಚ್ಚಳ ತೆಗೆದು ನೋಡಬೇಕಂತೆ.

"ಅದಕ್ಕೇ ಬಟ್ಟೇನೆ ವಾಸಿ" ಎಂದರು ಬಾಗಿಲು ಮುಚ್ಚಿದ ಅಜ್ಜಿ. ಆಶಾ ಅಕ್ಕ ಅಲ್ಲಗಳೆಯಲಿಲ್ಲ. ನನಗೆ ಹಿಡಿಸಿದ್ದೂ ಅದೇ. ಬಟ್ಟೆ ಎಂದರೆ ಕೊಳಕು ಎಂಬ ಭಾಷಣ ಕೇಳಿ ಸಾಕಾಗಿತ್ತು. ಮೊದಲು ತಣ್ಣೀರಲ್ಲಿ ನೆನೆಸಿ (ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ), ಸೋಪು ಹಾಕಿ ಒಗೆದು, ನೀರು ತಿಳಿಯಾಗುವವರೆಗೆ ಜಾಲಿಸಿ, ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿದರೆ ಹಳೆ ಹತ್ತಿ ಸೀರೆಯ ತುಂಡಿನಿಂದ ಕೇಡಿಲ್ಲ. ತೊಡಕಿರುವುದು ಬಿಸಿಲಿನದು. ಇಲ್ಲಿ ಎಲ್ಲರೂ ಬಚ್ಚಲ ಗೋಡೆಯ ಸಂದಿಯಲ್ಲಿ, ಇಲ್ಲವೇ ಲಂಗದ ಅಡಿಯಲ್ಲಿ ಮುಚ್ಚಿ ಒಣಹಾಕುತ್ತಾರೆ. ಅರ್ಧ ಒಣಗಿದ್ದನ್ನೇ ಕಟ್ಟಿಕೊಂಡರೆ ತುರಿ, ಉರಿ. ಕೆಟ್ಟ ವಾಸನೆಯ ಬಿಳಿಸೆರಗು ಕಂಡರೆ ಆಸ್ಪತ್ರೆಗೇ ಹೋಗಬೇಕು. ಹಾವು ಬಟ್ಟೆಯನ್ನು ದಾಟಿದರೆ ಮಕ್ಕಳಾಗುವುದಿಲ್ಲ ಎಂದು ಒಬ್ಬರು ಪಿಸುಗುಟ್ಟಿದರು. ಆಶಾ ಅಕ್ಕ ವಾದಕ್ಕೆ ನಿಲ್ಲಲಿಲ್ಲ. "ಸಂದೀಲಿಟ್ರೆ ತಾನೆ ಹಾವು? ತಂತಿ ಮೇಲೆ ಹಾಕಿ" ಎಂದರು.

ಪ್ಯಾಡು ಬಳಸುವವರು ಏನು ಮಾಡಬೇಕು? ಬಚ್ಚಲೊಲೆಗೆ ಹಾಕುತ್ತೇವೆ ಎಂದರು ಕೆಲವರು. ಹಸಿ ಪ್ಯಾಡು ಒಲೆಯಲ್ಲಿ ಪೂರ್ತಿ ಉರಿಯದೆ ಹೊಗೆಯಾಡುತ್ತದೆ, ಆ ಪ್ಲಾಸ್ಟಿಕ್ ಹೊಗೆ ಕುಡಿಯುವವರು ಒಲೆ ಮುಂದೆ ಕೂತವರೇ. ಕೆಲವರು ತೊಳೆದು ಎಸೆಯುತ್ತಾರೆ. ತೊಳೆಯುವಾಗ ಆ ಮುದ್ದೆ ಬಚ್ಚಲ ಮೋರಿಗೆ ಹೋಗಿ ಅಲ್ಲೂ ಕಟ್ಟುತ್ತದೆ. ತೊಳೆಯುವುದೇ ಬೇಡ, ಒಳಮುಖವಾಗಿ ಸುತ್ತಿ, ಹಳೆ ಪೇಪರಿನಲ್ಲಿ ಬಿಗಿಯಾಗಿ ಮಡಚಿ, ಹಸಿ ಕಸಕ್ಕೆ ಸೇರಿಸದೆ ಪಂಚಾಯ್ತಿ ಗಾಡಿಗೆ ಬೇರೆಯಾಗಿ ಕೊಡಿ ಎಂದರು.

ಗಾಡಿ ಎಂದಾಗ ಎಲ್ಲರೂ ಮೂಲೆಗೆ ತಿರುಗಿದರು. ಕಸದ ಆಟೋ ಓಡಿಸುವಾಕೆ ಇದೇ ಸಂಘದವಳು. ಅಷ್ಟು ಹೊತ್ತು ಸುಮ್ಮನಿದ್ದವಳು, "ನೀವು ಕವರಿಗೆ ತುಂಬಿ ಗಂಟು ಹಾಕ್ತೀರಿ. ಅದನ್ನ ಬಿಚ್ಚಿ ಪ್ಲಾಸ್ಟಿಕ್ ಬೇರೆ ಮಾಡೋಳು ನಾನೇ, ಬರಿಗೈಲಿ. ಒಳಗೇನೈತೆ ಅಂತ ಕೈ ಹಾಕೋ ತನಕ ಗೊತ್ತಾಗಲ್ಲ" ಎಂದಳು. ವರ್ಷಗಟ್ಟಲೆ ಜೊತೆಯಲ್ಲೇ ಸಾಲ ಪಡೆದು ತೀರಿಸಿದವರು ಈ ಮಾತನ್ನು ಅವತ್ತೇ ಮೊದಲು ಕೇಳಿದಂತಿತ್ತು. ಪೇಪರ್ ಪೊಟ್ಟಣದ ಮೇಲೆ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ ಅವಳ ಕೈಗೆ ಬೇರೆಯಾಗಿ ಕೊಡುವುದೆಂದು ಒಪ್ಪಿದರು. ಅವಳಿಗೆ ಕೈಗವಸು ಕೊಡಬೇಕೆಂದು ಪಂಚಾಯ್ತಿಗೆ ಅರ್ಜಿಯನ್ನೂ ಅಲ್ಲೇ ಬರೆದರು. ನನ್ನ ಅಕ್ಷರ ಚೆನ್ನಾಗಿದೆಯೆಂದು ಪೆನ್ನು ನನ್ನ ಕೈಗೆ ಬಂತು.

ಗಾಡಿ ಬರುವುದು ವಾರಕ್ಕೆ ಎರಡೇ ದಿನ. ಅಲ್ಲಿಯವರೆಗೆ ಎಲ್ಲಿಡುವುದು ಎಂದು ಅಜ್ಜಿ ಕೇಳಿದರು. ಬಚ್ಚಲ ಹೊರಗೆ, ನಾಯಿಗೆ ಎಟುಕದಂತೆ, ಮುಚ್ಚಳದ ಬಕೆಟ್ಟಿನಲ್ಲಿ ಎಂದರು ಆಶಾ ಅಕ್ಕ. ಅಷ್ಟರಲ್ಲಿ ಕಾಲೊನಿಯ ಕಡೆಯ ಹುಡುಗಿಯೊಬ್ಬಳು, "ನಮ್ಮ ಓಣಿಗೆ ಗಾಡೀನೇ ಬರಲ್ವಲ್ಲಕ್ಕಾ" ಎಂದಳು. ಅರ್ಜಿಯ ಕೆಳಗೆ ಸಹಿ ಹಾಕಲು ಬಿಟ್ಟಿದ್ದ ಜಾಗದಲ್ಲಿ ಆ ಸಾಲನ್ನೂ ಸೇರಿಸಿದೆ.