ಎತ್ತಿನ ಮುಂದೆ ಕಿಕಿ

ಮಕ್ಕಳು ಮೊಬೈಲಿನಲ್ಲಿ ಒಂದು ಕುಣಿತದ ವಿಡಿಯೊ ನೋಡಿ ಬಿದ್ದು ಬಿದ್ದು ನಗುತ್ತಾರೆ. ಪಕ್ಕದಲ್ಲಿ ಕುಳಿತ ಅಜ್ಜನೋ ಅಜ್ಜಿಯೋ ಕುತೂಹಲದಿಂದ ಇಣುಕುತ್ತಾರೆ. ಯಾರೋ ಒಬ್ಬ ರಸ್ತೆಯಲ್ಲಿ ಕೈ ಬೀಸುತ್ತಾ ಕುಣಿಯುತ್ತಿದ್ದಾನೆ, ಅಷ್ಟೇ. "ಇದರಾಗ ನಗೂದೇನೈತಿ?" ಎಂದು ನಮ್ಮ ಅಕ್ಕ ಕೇಳಿದ್ದಳು. ಆಕೆಗೆ ಎಪ್ಪತ್ತಾರು ವರ್ಷ, ಧಾರವಾಡದ ಬಿರುಸು ಇನ್ನೂ ಕಡಿಮೆಯಾಗಿಲ್ಲ. ಎಂಟನೇ ಇಯತ್ತೆಯ ನನ್ನ ಮೊಮ್ಮಗಳು, "ದೊಡ್ಡಜ್ಜಿ, ಒಂದ ನೋಡಿದ್ರ ನಗು ಬರೂದಿಲ್ಲ, ಐದಾರು ನೋಡಬೇಕು" ಎಂದಳು. ಹುಡುಗಿ ಹೇಳಿದ್ದು ಸರಿಯಾಗಿಯೇ ಇತ್ತು. ಇಂಥ ವಿಡಿಯೊಗಳಲ್ಲಿ ಒಂದೊಂದನ್ನೇ ಬಿಡಿಸಿ ನೋಡಿದರೆ ನಗಲು ಏನೂ ಇರುವುದಿಲ್ಲ. ನಗು ಇರುವುದು ಒಂದಕ್ಕೂ ಮುಂದಿನದಕ್ಕೂ ನಡುವೆ.

ಅಕ್ಕನಿಗೆ ನಾನು ಒಡಪಿನ ನೆನಪು ಮಾಡಿಕೊಟ್ಟೆ. ಉತ್ತರ ಕರ್ನಾಟಕದ ಮದುವೆ ಮನೆಯಲ್ಲಿ ಹೊಸ ಮದುಮಗಳನ್ನು ಬಾಗಿಲಲ್ಲಿ ಅಡ್ಡಗಟ್ಟಿ, "ಗಂಡನ ಹೆಸರು ಹೇಳವ್ವಾ" ಎಂದು ಪೀಡಿಸುತ್ತಾರಲ್ಲ, ಅದು. ಹೆಸರು ಎಲ್ಲರಿಗೂ ಗೊತ್ತು. ಲಗ್ನಪತ್ರಿಕೆಯಲ್ಲೇ ಅಚ್ಚಾಗಿದೆ. ಆದರೂ ಆಕೆ ಪ್ರಾಸ ಕಟ್ಟಿ, "ಹಿತ್ತಲ ಬಾವಿ ನೀರು ಭಾಳ ಸಿಹಿ, ಇಂಥವರ ಹೆಸರು ಹೇಳಿದ್ರ ನನ್ನ ಬಾಯೆಲ್ಲ ಸಿಹಿ" ಎಂಬಂಥದ್ದೇನಾದರೂ ಹೇಳಬೇಕು. ಆಮೇಲೆ ಮದುಮಗನ ಸರದಿ, ಅವನಾದ ಮೇಲೆ ಅಲ್ಲಿ ನಿಂತ ಅತ್ತಿಗೆ, ಚಿಗವ್ವ, ಕಡೆಗೆ ಹಲ್ಲಿಲ್ಲದ ಅಜ್ಜಿ. ಕೊನೆಯಲ್ಲಿ ಹೆಸರು ಬರಲೇಬೇಕು, ಅದು ಬದಲಾಗುವಂತಿಲ್ಲ. ಅದಕ್ಕೆ ಮುಂಚಿನದನ್ನು ಮಾತ್ರ ಅವರವರೇ ಕಟ್ಟಬೇಕು. ಹೊರಗಿನಿಂದ ಬಂದವನಿಗೆ ಒಂದೇ ಒಂದು ಒಡಪು ಕೇಳಿಸಿದರೆ ನಗು ಬರಲಿಕ್ಕಿಲ್ಲ. ಬಾಗಿಲಲ್ಲಿ ನಿಂತು ಹತ್ತು ಕೇಳಿ, ಹನ್ನೊಂದನೆಯದಕ್ಕೆ ತಾನೇ ಸಿಕ್ಕಿಬಿದ್ದವನಿಗೆ ಮಜ ಗೊತ್ತು.

ಚಾಲೆಂಜ್ ವಿಡಿಯೊ ಕಟ್ಟಿರುವುದೂ ಹೀಗೆಯೇ. ನನಗೆ ಇಷ್ಟವಾದ ಉದಾಹರಣೆ ಸ್ವಲ್ಪ ಹಳೆಯದು, 2018ರ ಕಿಕಿ ಚಾಲೆಂಜ್. ಈಗ ಕಾಲೇಜಿನಲ್ಲಿರುವ ಅಕ್ಕ ಅಣ್ಣಂದಿರನ್ನು ಕೇಳಿ, ಅವರಿಗೆ ನೆನಪಿರುತ್ತದೆ. ಆ ವರ್ಷ ಜೂನ್ ಕೊನೆಯಲ್ಲಿ ಕೆನಡಾದ ಗಾಯಕ ಡ್ರೇಕ್‌ನ ಹೊಸ ಆಲ್ಬಮ್ ಬಂತು. ಅದರ ಒಂದು ಹಾಡಿನಲ್ಲಿ ಕಿಕಿ ಎಂಬ ಹುಡುಗಿಯನ್ನು ಕರೆದು ಮಾತಾಡಿಸುವ ಸಾಲುಗಳಿವೆ. ಶಿಗ್ಗಿ ಎಂಬ ಹೆಸರಿನಿಂದ ಪ್ರಸಿದ್ಧನಾದ ಅಮೆರಿಕದ ಹಾಸ್ಯಗಾರನೊಬ್ಬ ರಸ್ತೆಯಲ್ಲಿ ನಿಂತು ಆ ಸಾಲುಗಳಿಗೆ ಕುಣಿದು ಇನ್‌ಸ್ಟಾಗ್ರಾಮ್‌ಗೆ ಹಾಕಿದ. ಪ್ರೀತಿಯ ಮಾತು ಬಂದಾಗ ಎರಡೂ ಕೈಗಳಿಂದ ಹೃದಯದ ಆಕಾರ, ಗಾಡಿಯ ಮಾತು ಬಂದಾಗ ಸ್ಟೀರಿಂಗ್ ತಿರುಗಿಸುವ ಅಭಿನಯ. ಕಷ್ಟದ್ದೇನೂ ಇಲ್ಲ, ಅಂಗನವಾಡಿಯ ಅಭಿನಯಗೀತೆಯಷ್ಟು ಸುಲಭ. ಈ ಸುಲಭವೇ ಮುಖ್ಯ. ಭರತನಾಟ್ಯದ ತಿಲ್ಲಾನವನ್ನು ಯಾರೂ ಹೀಗೆ ಚಾಲೆಂಜ್ ಮಾಡುವುದಿಲ್ಲ, ಅದಕ್ಕೆ ಹತ್ತು ವರ್ಷದ ಅಭ್ಯಾಸ ಬೇಕು. ಇದಕ್ಕೆ ಹತ್ತು ನಿಮಿಷ ಸಾಕು. ಮೈ ಬಗ್ಗದ ದಪ್ಪ ಮಾವ ಮಾಡಿದರೆ ಇನ್ನೂ ಚೆಂದ.

ಶಿಗ್ಗಿ ಅದರ ಜೊತೆ #DoTheShiggy ಎಂದು ಬರೆದಿದ್ದ. ಹ್ಯಾಷ್‌ಟ್ಯಾಗ್ ಎಂದರೆ ಇದೇ. # ಗುರುತಿನ ಮುಂದೆ ಜಾಗ ಬಿಡದೆ ಬರೆದ ಪದ. ಅದನ್ನು ಮುಟ್ಟಿದರೆ ಅದೇ ಪದ ಹಾಕಿ ಜಗತ್ತಿನ ಯಾರ್ಯಾರೋ ಏರಿಸಿದ ವಿಡಿಯೊಗಳು ಸಾಲಾಗಿ ಬರುತ್ತವೆ. ಹೂ ಕಟ್ಟುವ ದಾರದಂತೆ ಅದು. ದಾರವಿಲ್ಲದಿದ್ದರೆ ಹೂಗಳು ಬುಟ್ಟಿಯಲ್ಲಿ ಚೆಲ್ಲಾಡುತ್ತವೆ, ಮೊದಲು ಯಾರು ಏನು ಮಾಡಿದ್ದರು ಎಂದು ಗೊತ್ತಾಗುವುದಿಲ್ಲ. ಅದು ಗೊತ್ತಾಗದೆ ನಗುವೂ ಇಲ್ಲ.

ಮುಂದೆ ಬಂದವರು ಒಂದೊಂದನ್ನು ಬದಲಿಸಿದರು. ಯಾರೋ ಕಾರಿನ ಪಕ್ಕದಲ್ಲಿ ಕುಣಿದರು. ಇನ್ನಾರೋ ಕಾರು ನಿಧಾನವಾಗಿ ಉರುಳುತ್ತಿರುವಾಗಲೇ ಕೆಳಗಿಳಿದು, ತೆರೆದ ಬಾಗಿಲ ಪಕ್ಕದಲ್ಲಿ ಹೆಜ್ಜೆ ಹಾಕುತ್ತಾ ಸಾಗಿದರು. ಹಾಲಿವುಡ್ ನಟ ವಿಲ್ ಸ್ಮಿತ್ ಬುಡಾಪೆಸ್ಟಿನ ಸೇತುವೆಯ ತುದಿಯ ಮೇಲೇ ಹತ್ತಿ ಅದೇ ಕುಣಿತ ಕುಣಿದ. ಹಾಡು ಅದೇ, ಕೈ ಸನ್ನೆ ಅದೇ. ಜಾಗ ಮಾತ್ರ ಬೇರೆ.

ಆಮೇಲೆ ಬಂತು ನೋಡಿ ತೆಲಂಗಾಣದ್ದು. ಲಂಬಾಡಿಪಲ್ಲಿ ಎಂಬ ಹಳ್ಳಿಯ ಇಬ್ಬರು ಯುವಕರು, 'ಮೈ ವಿಲೇಜ್ ಶೋ' ಎಂಬ ಯೂಟ್ಯೂಬ್ ಚಾನೆಲ್‌ನವರು, ಕೆಸರುಗದ್ದೆಯಲ್ಲಿ ಇದನ್ನು ಮಾಡಿದರು. ಎತ್ತುಗಳ ಹಿಂದಿದ್ದವರು ಅವನ್ನು ಅವುಗಳ ಪಾಡಿಗೆ ಬಿಟ್ಟು, ಪಕ್ಕದ ಕೆಸರಿನಲ್ಲಿ ಡ್ರೇಕ್‌ನ ಹಾಡಿಗೆ ಕುಣಿಯತೊಡಗಿದರು. ಎತ್ತುಗಳು ಒಂದು ಸಲವೂ ತಲೆ ಕೆಡಿಸಿಕೊಳ್ಳದೆ ತಮ್ಮ ಗತಿಯಲ್ಲೇ ನಡೆದವು. ಕೋಣನ ಮುಂದೆ ಕಿನ್ನರಿ ಎಂಬ ಗಾದೆ ನಮ್ಮಲ್ಲಿ ಇದೆಯಲ್ಲ, ಇದು ಎತ್ತಿನ ಮುಂದೆ ಕಿಕಿ! ದೇಶ ವಿದೇಶದ ಪತ್ರಿಕೆಗಳು ಅದರ ಬಗ್ಗೆ ಬರೆದವು.

ಇದು ಯಾಕೆ ಅಷ್ಟು ಹಿಡಿಸಿತು? ಬಿಡಿಸಿ ನೋಡಿದರೆ ಬಹಳ ಜಾಣತನ ಕಾಣುತ್ತದೆ. ಅವರು ಬದಲಿಸಿದ್ದು ಒಂದನ್ನೇ: ಕಾರಿನ ಜಾಗದಲ್ಲಿ ಎತ್ತು. ಕಾರು ಚಾಲಕನಿಲ್ಲದೆ ಮುಂದೆ ಹೋಗಬಾರದು, ಎತ್ತು ಹೋಗುತ್ತದೆ. ಉಳಿದವರು ಪ್ರಾಣ ಪಣಕ್ಕಿಟ್ಟು ಮಾಡಿದ್ದನ್ನು ಇವರು ದಿನದ ಕೆಲಸದ ನಡುವೆ ಮಾಡಿದಂತೆ ತೋರಿಸಿದರು. ಹಾಡನ್ನೂ ಬದಲಿಸಿ ತೆಲುಗು ಹಾಡಿಗೆ ಕುಣಿದಿದ್ದರೆ ಅದು ಗದ್ದೆಯಲ್ಲಿ ಇಬ್ಬರು ಕುಣಿಯುವ ವಿಡಿಯೊ ಆಗುತ್ತಿತ್ತು, ಕಿಕಿಗೆ ಉತ್ತರವಾಗುತ್ತಿರಲಿಲ್ಲ. ಏನನ್ನೂ ಬದಲಿಸದೆ ಕಾರಿನ ಪಕ್ಕದಲ್ಲೇ ಕುಣಿದಿದ್ದರೆ ಸಾವಿರದಲ್ಲಿ ಮತ್ತೊಂದು. ನಮ್ಮ ಅಕ್ಕನಿಗೆ ಮೊದಲು ಎತ್ತಿನದನ್ನೇ ತೋರಿಸಿದ್ದರೆ, "ಪಾಪ, ಹುಡುಗ್ರು ಹೊಲದಾಗ ಕುಣೀಲಿಕ್ಕತ್ಯಾರ" ಎಂದು ಸುಮ್ಮನಾಗುತ್ತಿದ್ದಳು. ಕಾರಿನವರನ್ನೆಲ್ಲ ನೋಡಿದ ಮೇಲೆ ನೋಡಿದ್ದಕ್ಕೆ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು.

ಇದೇ ಕಟ್ಟಿನಲ್ಲಿ ಒಂದು ತೊಡಕೂ ಇದೆ. ಪ್ರತಿಯೊಬ್ಬರೂ ಏನಾದರೊಂದು ಬದಲಿಸಬೇಕು ಎಂದರೆ ಸುಲಭದ ಬದಲಾವಣೆಗಳು ಮೊದಲ ವಾರದಲ್ಲೇ ಮುಗಿದುಹೋಗುತ್ತವೆ. ಆಮೇಲೆ ಬಂದವನಿಗೆ ಎರಡೇ ದಾರಿ. ಎತ್ತಿನವರ ಹಾಗೆ ತಲೆ ಓಡಿಸಿ ಪಕ್ಕಕ್ಕೆ ಹೊರಳಬೇಕು, ಇಲ್ಲವೇ ಇದ್ದದ್ದನ್ನೇ ಹೆಚ್ಚು ಅಪಾಯದ ಜಾಗದಲ್ಲಿ ಮಾಡಬೇಕು. ತಲೆ ಓಡಿಸುವುದು ಕಷ್ಟ, ಅಪಾಯ ಕೈಗೆ ಹತ್ತಿರ. ಚಲಿಸುವ ಕಾರಿನಲ್ಲಿ ಚಾಲಕನೇ ವಿಡಿಯೊ ತೆಗೆಯುತ್ತಿದ್ದರೆ ಅವನ ಕಣ್ಣು ರಸ್ತೆಯ ಮೇಲೆ ಇರುವುದಿಲ್ಲ. ಇಳಿಯುವವರ ಕಾಲು ನಿಂತ ನೆಲದ ಮೇಲೆ ಬೀಳುತ್ತದೆ, ಮೈ ಮಾತ್ರ ಕಾರಿನ ವೇಗದಲ್ಲೇ ಮುಂದಕ್ಕೆ ಹೋಗುತ್ತದೆ. ಓಡುವ ಬಸ್ಸಿನಿಂದ ಇಳಿದು ಮುಗ್ಗರಿಸುವವರಿಗೆ ಆಗುವುದೂ ಇದೇ. ಅಮೆರಿಕದ ಅಯೋವಾದಲ್ಲಿ ಒಬ್ಬ ಹುಡುಗಿ ಹೀಗೆ ಬಿದ್ದು ತಲೆಬುರುಡೆಗೆ ಪೆಟ್ಟು ಮಾಡಿಕೊಂಡಳು. ಮುಂಬಯಿ, ದೆಹಲಿ, ನಮ್ಮ ಬೆಂಗಳೂರಿನ ಪೊಲೀಸರೂ ಎಚ್ಚರಿಕೆ ಕೊಟ್ಟರು. ಮುಂಬಯಿ ಹತ್ತಿರದ ಲೋಕಲ್ ರೈಲಿನ ಬಳಿ ಇದನ್ನು ಮಾಡಿದ ಮೂವರು ಯುವಕರಿಗೆ ರೈಲ್ವೆ ನ್ಯಾಯಾಲಯ ವಸಾಯಿ ನಿಲ್ದಾಣವನ್ನು ಮೂರು ದಿನ ಸ್ವಚ್ಛ ಮಾಡುವ ಶಿಕ್ಷೆ ಕೊಟ್ಟಿತು. ಪೊರಕೆ ಹಿಡಿಸಿದ ನ್ಯಾಯಾಧೀಶರು ನನಗೆ ಮೆಚ್ಚುಗೆಯಾದರು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಕುಣಿದವರೆಲ್ಲ ತಾವೇ ಇಷ್ಟಪಟ್ಟು ಕುಣಿದವರು. ಅಪಾಯ ಗೊತ್ತಿದ್ದೇ ಇಳಿದವರು. ತಮಾಷೆ ಹೆಸರಿನ ಇನ್ನೊಂದು ಬಗೆಯ ಚಾಲೆಂಜ್‌ನಲ್ಲಿ ಹಾಗಿರುವುದಿಲ್ಲ, ನನಗೆ ಸಿಟ್ಟು ಬರುವುದು ಅಲ್ಲಿ. 2020ರ ಮೊದಲ ತಿಂಗಳುಗಳಲ್ಲಿ ಸ್ಕಲ್ ಬ್ರೇಕರ್ ಎಂಬುದೊಂದು ಹರಡಿತು. ಮೂವರು ಸಾಲಾಗಿ ನಿಲ್ಲುತ್ತಾರೆ. ನಡುವಿನವನಿಗೆ, ಯಾರು ಎತ್ತರ ಜಿಗಿಯುತ್ತಾರೋ ನೋಡೋಣ ಎಂದು ಹೇಳಿರುತ್ತಾರೆ. ಅವನು ಜಿಗಿದಾಗ ಅಕ್ಕಪಕ್ಕದವರು ಅವನ ಕಾಲನ್ನು ಒದ್ದು ಬೀಳಿಸುತ್ತಾರೆ. ಕಾಲು ನೆಲ ಮುಟ್ಟುವ ಮೊದಲೇ ಬೆನ್ನೋ ತಲೆಯ ಹಿಂಭಾಗವೋ ನೆಲಕ್ಕೆ ಅಪ್ಪಳಿಸುತ್ತದೆ. ಬೀಳುತ್ತೇನೆಂದು ಗೊತ್ತಿಲ್ಲದ್ದರಿಂದ ಕೈ ಊರುವಷ್ಟು ಸಮಯವೂ ಸಿಗುವುದಿಲ್ಲ.

ನಮ್ಮ ಓಣಿಯಲ್ಲೇ ಒಬ್ಬ ಹುಡುಗನಿಗೆ ಹೀಗಾಯಿತು. ಆರನೇ ಇಯತ್ತೆ, ಬಂದು ಇನ್ನೂ ಎರಡು ತಿಂಗಳಾಗಿತ್ತು, ಗೆಳೆಯರಿರಲಿಲ್ಲ. ಆಟಕ್ಕೆ ಕರೆದರೆಂದು ಖುಷಿಯಿಂದ ನಡುವೆ ನಿಂತ. ಅವನ ಪುಣ್ಯ, ಒಂದು ಕೈ ಹೇಗೋ ಹಿಂದಕ್ಕೆ ಹೋಗಿ ತಲೆ ಉಳಿಯಿತು, ಮಣಿಕಟ್ಟು ಮುರಿಯಿತು. ಆರು ವಾರ ಪ್ಲಾಸ್ಟರ್. ನೋಡಲು ಹೋದಾಗ ನೋವಿನ ಬಗ್ಗೆ ಅವನು ಏನೂ ಹೇಳಲಿಲ್ಲ. "ಅಜ್ಜಿ, ಅವರು ಮೊದಲ ಮೊಬೈಲ್ ಕಟ್ಟಿ ಮ್ಯಾಲೆ ಇಟ್ಟಿದ್ರು" ಎಂದ. ಅದೊಂದನ್ನೇ ಎರಡು ಸಲ ಹೇಳಿದ.

ಆ ಮಾತನ್ನು ನಾನು ಬಹಳ ಸಲ ಯೋಚಿಸಿದ್ದೇನೆ. ಅವನ ಸುತ್ತ ನಿಂತವರೆಲ್ಲ ಮೂಲ ವಿಡಿಯೊ ನೋಡಿದ್ದರು, ಅವನೊಬ್ಬ ನೋಡಿರಲಿಲ್ಲ. ಅವನು ನೋಡಿದ್ದರೆ ಆಟವೇ ನಡೆಯುತ್ತಿರಲಿಲ್ಲ. ಕಿಕಿಯಲ್ಲಿ ನೋಡಿದವನಿಗೇ ಮಜ, ಇಲ್ಲಿ ನೋಡದವನೊಬ್ಬ ಬೇಕು. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಗುಂಪು, ಮೊಬೈಲ್, ನಗು. ಬೇರ್ಪಡಿಸಲು ನನ್ನ ಮೊಮ್ಮಗಳು ಒಂದು ಉಪಾಯ ಇಟ್ಟುಕೊಂಡಿದ್ದಾಳೆ. ಯಾರಾದರೂ ಚಾಲೆಂಜ್ ಮಾಡೋಣ ಬಾ ಎಂದು ಕರೆದರೆ, "ಮೊದಲು ಬ್ಯಾರೆಯವ್ರು ಮಾಡಿದ್ದು ತೋರಸು" ಎನ್ನುತ್ತಾಳೆ. ಕುಣಿತದವರು ಸಂತೋಷವಾಗಿ ಹತ್ತು ತೋರಿಸುತ್ತಾರೆ. ಯಾರಾದರೂ "ಆಮ್ಯಾಲೆ ತೋರಸ್ತೀನಿ, ಮೊದ್ಲು ನಿಂದ್ರು" ಎಂದರೆ ಆಕೆ ನಿಲ್ಲುವುದಿಲ್ಲ. ಮನೆಗೆ ಬಂದು ನನಗೆ ಹೇಳುತ್ತಾಳೆ, ಅದನ್ನು ಚಾಡಿ ಎಂದು ನಾನು ಎಣಿಸುವುದಿಲ್ಲ. ಪ್ಲಾಸ್ಟರ್ ಬಿಚ್ಚಿದ ಮೇಲೆ ಆ ಹುಡುಗನಿಗೂ ಇದನ್ನು ಹೇಳಿಕೊಟ್ಟವಳು ಅವಳೇ.

ಕಿಕಿಯ ಕತೆ ಏನಾಯಿತು ಎಂದು ಕೇಳುತ್ತೀರಾ? ಆಗಸ್ಟ್‌ನಲ್ಲಿ ಡ್ರೇಕ್ ತನ್ನ ಹಾಡಿನ ಅಧಿಕೃತ ವಿಡಿಯೊ ಬಿಟ್ಟ. ಅದರಲ್ಲಿ ಶಿಗ್ಗಿಗೂ ಪಾತ್ರವಿತ್ತು, ಕೊನೆಯಲ್ಲಿ ಜನ ಮಾಡಿದ ತುಣುಕುಗಳನ್ನೂ ಸೇರಿಸಿದ್ದ. ಹಾಡಿನವನೇ ಬಂದು ಸಾಲಿನಲ್ಲಿ ನಿಂತಂತಾಯಿತು. ಟೀವಿ ನಿರೂಪಕರು, ಪೊಲೀಸರು, ಎಲ್ಲರೂ ಕಿಕಿಯ ಮಾತಾಡಿದ ಮೇಲೆ ಬದಲಿಸಲು ಏನೂ ಉಳಿಯಲಿಲ್ಲ, ಮಕ್ಕಳಿಗೆ ಬೇಜಾರು ಬಂತು. ಮದುವೆ ಮನೆಯ ಒಡಪಿಗೆ ಆ ಗತಿ ಬಂದಿಲ್ಲ. ಅಲ್ಲಿ ಪ್ರತಿ ಸಲ ಹೆಸರು ಹೊಸದು, ಬಾಗಿಲಲ್ಲಿ ಸಿಕ್ಕಿಬೀಳುವವರೂ ಹೊಸಬರು. ಬರುವ ವೈಶಾಖದಲ್ಲಿ ನಮ್ಮ ಮನೆಯಲ್ಲೊಂದು ಮದುವೆ ಇದೆ. ಒಡಪು ಹೇಳುವವರನ್ನೆಲ್ಲ ಒಂದೇ ಹ್ಯಾಷ್‌ಟ್ಯಾಗ್‌ನಲ್ಲಿ ಕೂಡಿಸುತ್ತೇನೆಂದು ಮೊಮ್ಮಗಳು ಹೊರಟಿದ್ದಾಳೆ, ಹೇಳುವವರ ಒಪ್ಪಿಗೆ ಕೇಳಿ. ನಮ್ಮ ಅಕ್ಕ ಈಗಲೇ ಹೇಳಿಬಿಟ್ಟಿದ್ದಾಳೆ, ತನ್ನದು ಕೊನೆಯಲ್ಲಿ ಬರಬೇಕಂತೆ, ಮೊದಲು ಉಳಿದವರದ್ದೆಲ್ಲ ಕೇಳಬೇಕಂತೆ.